ಬೈತಲೆಯನ್ನು ಮರೆಮಾಡುವ ಹೆಣ್ಣುಮಕ್ಕಳಿಗೆ

ವಿದ್ಯಾರ್ಥಿನೀನಿಲಯಗಳಲ್ಲಿ ವಾಸವಾಗಿರುವ ಪ್ರಿಯ ಹೆಣ್ಣುಮಕ್ಕಳಿರಾ,

ಧಾರವಾಡದಲ್ಲಿ ಚರ್ಮರೋಗಗಳ ವೈದ್ಯಳಾಗಿ ಕೆಲಸ ಮಾಡುತ್ತಿರುವ ನಾನು ನಿಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯಲು ಕಾರಣವೇನೆಂದರೆ, ಕೂದಲು ತೆಳುವಾಗುತ್ತಿದೆಯೆಂದು ನನ್ನಲ್ಲಿಗೆ ಬರುವ ನಿಮ್ಮ ವಯಸ್ಸಿನವರಲ್ಲಿ ಬಹುಮಂದಿ, ತೊಂದರೆ ಮೊದಲಾಗಿ ವರ್ಷವೋ ಎರಡು ವರ್ಷವೋ ಕಳೆದ ಮೇಲೆ, ಕೈಯಲ್ಲಿದ್ದ ಹಣವನ್ನು ಎಣ್ಣೆಗಳಿಗೂ ಗುಳಿಗೆಗಳಿಗೂ ಸುರಿದಾದ ಮೇಲೆ, ಮರೆಮಾಡುವ ಉಪಾಯಗಳೆಲ್ಲ ಮುಗಿದ ಮೇಲೆ ಬರುತ್ತಾರೆ. ಅಷ್ಟು ಹೊತ್ತಿಗೆ, ಮೊದಲೇ ಬಂದಿದ್ದರೆ ಸುಲಭವಾಗಿ ಉಳಿಸಬಹುದಾಗಿದ್ದ ಕೂದಲಿನಲ್ಲಿ ಒಂದು ಪಾಲನ್ನು ಉಳಿಸುವುದು ದುಸ್ಸಾಧ್ಯವಾಗಿರುತ್ತದೆ. ತಲೆಗೂದಲು ಉದುರುವುದೆಂಬುದು ಒಂದೇ ವ್ಯಾಧಿಯಲ್ಲ. ಅದು ಹಲವು ವ್ಯಾಧಿಗಳಿಗೆ ಸಾಧಾರಣವಾದ ಒಂದು ಲಕ್ಷಣ. ಯಾವುದು ಎಂಬುದನ್ನು ನಿರ್ಣಯಿಸದೆ ಮಾಡುವ ಚಿಕಿತ್ಸೆ ಫಲಿಸಿದರೂ ಅದು ಆಕಸ್ಮಿಕ, ಫಲಿಸದಿದ್ದರೂ ಆಕಸ್ಮಿಕ. ಇದನ್ನು ಬರಿಯ ಉಪದೇಶವಾಗಿ ಹೇಳುವುದಕ್ಕಿಂತ, ಒಬ್ಬ ಹುಡುಗಿಯ ಕತೆಯಾಗಿ ಹೇಳಿದರೆ ನಿಮಗೆ ಹೆಚ್ಚು ಪ್ರಯೋಜನವಾದೀತೆಂದು ತೋರಿ, ಅವಳ ಸಮ್ಮತಿಯನ್ನು ಪಡೆದು, ಅವಳ ಊರು, ಕಾಲೇಜುಗಳ ಗುರುತು ಸಿಕ್ಕದಂತೆ ಮಾಡಿ, ಇಲ್ಲಿ ಬರೆಯುತ್ತಿದ್ದೇನೆ.

ನನ್ನಲ್ಲಿಗೆ ಬಂದಾಗ ಅವಳು ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ, ವಯಸ್ಸು ಹತ್ತೊಂಬತ್ತು. ಹಳ್ಳಿಯಿಂದ ಬಂದು ನಿಲಯದಲ್ಲಿ ಸೇರಿದ ವರ್ಷವೇ ಶ್ರಾವಣದಲ್ಲಿ ಅವಳಿಗೆ ಡೆಂಗೀ ಜ್ವರ ಬಂದು, ಒಂದು ವಾರ ಹಾಸಿಗೆ ಹಿಡಿದು, ಗುಣವಾಗಿ ಎದ್ದಳು. ಜ್ವರ ಹೋಯಿತು, ಪಾಠ ಪ್ರವಚನಗಳು ಮೊದಲಾದವು, ಅದನ್ನು ಎಲ್ಲರೂ ಮರೆತರು. ದೀಪಾವಳಿ ಕಳೆದು ಕೆಲವು ದಿನಗಳಾದ ಮೇಲೆ, ತಲೆಗೆ ನೀರೆರೆದುಕೊಂಡ ಒಂದು ಬೆಳಗ್ಗೆ ಬಚ್ಚಲ ಜಾಲರಿಯ ಮೇಲೆ ಮುಷ್ಟಿ ತುಂಬುವಷ್ಟು ಕೂದಲು ಸುತ್ತಿಕೊಂಡಿದ್ದುದನ್ನು ಕಂಡು ಅವಳ ಎದೆ ಧಸಕ್ಕೆಂದಿತು. ಒಂದು ಕೂದಲನ್ನು ಎತ್ತಿ ಬೆಳಕಿಗೆ ಹಿಡಿದಾಗ ಅದರ ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಒಂದು ಬಿಳಿಯ ಗಂಟು ಕಂಡಿತು. ಬೇರೇ ಕಿತ್ತು ಬಂದಿತೆಂದು ಅವಳು ತಿಳಿದಳು. ಅಂದಿನಿಂದ, ಮಿಕ್ಕವರು ಏಳುವುದಕ್ಕೆ ಮುಂಚೆಯೇ ಎದ್ದು ಸ್ನಾನ ಮಾಡಿ ಜಾಲರಿಯನ್ನು ಶುದ್ಧಮಾಡಿಬಿಡುವುದು ಅವಳ ನಿತ್ಯನಿಯಮವಾಯಿತು.

ಆ ಬಿಳಿಯ ಗಂಟನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗಲಾರೆ; ಏಕೆಂದರೆ ನಿಮ್ಮಲ್ಲಿ ಅನೇಕರನ್ನು ರಾತ್ರಿ ನಿದ್ದೆಗೆಡಿಸುವುದು ಅದೇ. ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಅವುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಯಾವಾಗಲೂ ಬೆಳೆಯುತ್ತಿರುತ್ತವೆ; ಈ ಬೆಳವಣಿಗೆಯ ಅವಧಿ ಎರಡರಿಂದ ಆರು ವರ್ಷ. ಮಿಕ್ಕವುಗಳಲ್ಲಿ ಹೆಚ್ಚಿನವು ಬೆಳೆಯುವುದನ್ನು ನಿಲ್ಲಿಸಿ, ಸುಮಾರು ಮೂರು ತಿಂಗಳು ತಮ್ಮ ಗೂಡಿನಲ್ಲಿಯೇ ವಿಶ್ರಮಿಸಿಕೊಂಡಿದ್ದು, ಕೆಳಗಿನಿಂದ ಹೊಸದು ಹುಟ್ಟುವ ವೇಳೆಗೆ ಉದುರಿಹೋಗುತ್ತವೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ಬಿಳಿಯ ಗಂಟು ಹೀಗೆ ವಿಶ್ರಾಂತಿಯನ್ನು ಮುಗಿಸಿದ ಕೂದಲಿನ ಬುಡವೇ ಹೊರತು ಬೇರಲ್ಲ. ಕೂದಲನ್ನು ಹುಟ್ಟಿಸುವ ಕೇಶಕೂಪವು ಚರ್ಮದೊಳಗೆ ಇದ್ದಲ್ಲಿಯೇ ಇರುತ್ತದೆ. ತೀವ್ರವಾದ ಜ್ವರ, ಪ್ರಸವ, ಶಸ್ತ್ರಚಿಕಿತ್ಸೆ, ಉಪವಾಸಪ್ರಾಯವಾದ ಆಹಾರಕ್ರಮ, ಇವುಗಳಿಂದ ಶರೀರಕ್ಕೆ ಆಘಾತವಾದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಹಲವು ಒಮ್ಮೆಗೇ ವಿಶ್ರಾಂತಿಗೆ ಇಳಿದುಬಿಡುತ್ತವೆ. ಇಳಿದವು ಎರಡು ಮೂರು ತಿಂಗಳ ಮೇಲೆ ಒಟ್ಟಾಗಿ ಉದುರುತ್ತವೆ. ಆದ್ದರಿಂದ ಇಂದು ಉದುರುವ ಕೂದಲಿನ ಕಾರಣವನ್ನು ಇಂದಿನ ನೀರಿನಲ್ಲಿಯೋ ನಿನ್ನೆಯ ಶಾಂಪೂವಿನಲ್ಲಿಯೋ ಹುಡುಕುವುದು ವ್ಯರ್ಥ. ಪಂಚಾಂಗವನ್ನು ತೆಗೆದು ಮೂರು ತಿಂಗಳು ಹಿಂದಕ್ಕೆ ನೋಡಬೇಕು.

ಈ ಹುಡುಗಿ ಹಾಗೆ ನೋಡಲಿಲ್ಲ. ನೋಡಬೇಕೆಂದು ಅವಳಿಗೆ ಹೇಳುವವರೂ ಇರಲಿಲ್ಲ. ನಿಲಯದ ಬೋರ್‌ವೆಲ್ಲಿನ ಗಡುಸು ನೀರೇ ಇದಕ್ಕೆ ಕಾರಣವೆಂದು ಜೊತೆಯವರು ನಿಶ್ಚಯಿಸಿದರು. ಈರುಳ್ಳಿಯ ರಸ, ಕರಿಬೇವು ಕಾಯಿಸಿದ ಕೊಬ್ಬರಿ ಎಣ್ಣೆ, ಮೆಂತ್ಯದ ಹಿಟ್ಟು, ಇವು ಒಂದಾದ ಮೇಲೊಂದು ಬಂದವು. ಬೇಸಗೆಯ ವೇಳೆಗೆ ಉದುರುವುದು ತಾನಾಗಿಯೇ ಕಡಮೆಯಾಯಿತು. ಜ್ವರದ ತರುವಾಯದ ಕೇಶಪತನವು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ಶಮನವಾಗತಕ್ಕದ್ದು; ಆದರೆ ಆ ಯಶಸ್ಸು ಈರುಳ್ಳಿಯ ಪಾಲಿಗೆ ಹೋಯಿತು. ಈ ತಪ್ಪು ನಂಬಿಕೆಯಿಂದಾದ ಹಾನಿ ಚಿಕ್ಕದಲ್ಲ. ಏಕೆಂದರೆ ಜ್ವರದ ಉದುರುವಿಕೆಯ ಅಡಿಯಲ್ಲಿ, ಅದಕ್ಕಿಂತ ಬಹು ನಿಧಾನವಾದ, ಸದ್ದಿಲ್ಲದ ಇನ್ನೊಂದು ವ್ಯಾಧಿ ನಡೆಯುತ್ತಲೇ ಇತ್ತು. ಅದಕ್ಕೆ ಈರುಳ್ಳಿಯ ರಸದಲ್ಲಿ ಮದ್ದಿರಲಿಲ್ಲ.

ಮಳೆಗಾಲ ತಿರುಗಿ ಬರುವ ವೇಳೆಗೆ ಅವಳ ಬೈತಲೆ ಅಗಲವಾಗತೊಡಗಿತ್ತು. ಹಣೆಯ ಅಂಚಿನ ಕೂದಲು ಇದ್ದಂತೆಯೇ ಇದ್ದು, ಅದರ ಹಿಂದೆ ನಡುನೆತ್ತಿಯಲ್ಲಿ ಚರ್ಮ ಕಾಣಿಸತೊಡಗಿತು. ಅವಳು ಬೈತಲೆಯನ್ನು ನಡುವಿನಿಂದ ಎಡಕ್ಕೆ ತಂದಳು; ಅಲ್ಲಿಯೂ ಅಗಲವಾದಾಗ ಬೈತಲೆಯೇ ಇಲ್ಲದಂತೆ ಹಿಂದಕ್ಕೆ ಬಾಚಿ ಬಿಗಿಯಾಗಿ ಕಟ್ಟಿದಳು. ಕಣ್ಣಿನ ಕಾಡಿಗೆಯ ಕಡ್ಡಿಯಿಂದ ಚರ್ಮದ ಮೇಲೆ ಗೆರೆ ಎಳೆದು ಬೆರಳಿನಿಂದ ಒರಸಿ ಹರಡುವುದನ್ನು ಕಲಿತಳು. ತರಗತಿಯಲ್ಲಿ ಕಡೆಯ ಬೆಂಚನ್ನು ಹಿಡಿದಳು. ಹಿಂದೆ ಯಾರೂ ಕೂಡುವಂತಿರಲಿಲ್ಲವಷ್ಟೆ. ಪ್ರಯೋಗಶಾಲೆಯಲ್ಲಿ ಬಗ್ಗಿ ಸೂಕ್ಷ್ಮದರ್ಶಕವನ್ನು ನೋಡಬೇಕಾದಾಗ ತಲೆಯ ಮೇಲೆ ಓಢಣಿಯನ್ನು ಎಳೆದುಕೊಂಡಳು. ಕಾಲೇಜಿನ ಸ್ನೇಹಸಮ್ಮೇಳನದಲ್ಲಿ ಗೆಳತಿಯರೆಲ್ಲ ಕೋಲಾಟಕ್ಕೆ ಚೌರಿ ಹಾಕಿ ಜಡೆ ಹೆಣೆದುಕೊಳ್ಳುವಾಗ, ಯಾರಾದರೂ ತನ್ನ ತಲೆಯನ್ನು ಮುಟ್ಟಿಬಿಟ್ಟಾರೆಂಬ ಭಯದಿಂದ ಹೊಟ್ಟೆನೋವೆಂದು ಹೇಳಿ ಕೋಣೆಯಲ್ಲಿ ಮಲಗಿದಳು. ಊರಿಗೆ ಹೋದಾಗ ಅವ್ವ ಎಣ್ಣೆ ಹಚ್ಚಲು ಕರೆದರೆ, ಓದುವುದಿದೆಯೆಂದು ಪುಸ್ತಕ ಹಿಡಿದು ಕೂತಳು. ಉದುರುವುದನ್ನು ಕಡಮೆಮಾಡಬೇಕೆಂದು ವಾರಕ್ಕೆರಡು ಸಲದ ತಲೆಸ್ನಾನವನ್ನು ಹದಿನೈದು ದಿನಕ್ಕೊಂದಕ್ಕೆ ಇಳಿಸಿದಳು. ಅದರ ಪರಿಣಾಮವಾಗಿ ಅಷ್ಟು ದಿನ ಉದುರಬೇಕಾದ ಕೂದಲೆಲ್ಲ ಜಡೆಯೊಳಗೆ ಸಿಕ್ಕಿಕೊಂಡಿದ್ದು ಒಂದೇ ದಿನ ಕೈಗೆ ಬರತೊಡಗಿ, ಭಯ ಇಮ್ಮಡಿಯಾಯಿತು. ಸ್ನಾನದಿಂದ ಕೂದಲು ಉದುರುವುದಿಲ್ಲ. ಉದುರಿದ್ದು ಸ್ನಾನದಲ್ಲಿ ಹೊರಗೆ ಬರುತ್ತದೆ.

ಈ ನಡುವೆ ಅವಳು ಒಂದು ಕೇಶಸೌಂದರ್ಯದ ಅಂಗಡಿಗೂ ಹೋಗಿ ಬಂದಳು. ಅಲ್ಲಿ ಅವಳ ಮುಟ್ಟನ್ನು ಕುರಿತು, ಜ್ವರವನ್ನು ಕುರಿತು, ಮನೆತನವನ್ನು ಕುರಿತು ಒಂದು ಪ್ರಶ್ನೆಯನ್ನೂ ಕೇಳದೆ, ಅವಳದೇ ರಕ್ತವನ್ನು ತೆಗೆದು ತಲೆಗೆ ಚುಚ್ಚುವ ಚಿಕಿತ್ಸೆಯ ಬೆಲೆಪಟ್ಟಿಯನ್ನು ಮುಂದಿಟ್ಟರು. ಅಷ್ಟು ಹಣವಿಲ್ಲದ್ದರಿಂದ ಬಯೋಟಿನ್ ಗುಳಿಗೆಗಳ ಒಂದು ಡಬ್ಬಿಯನ್ನು ಕೊಂಡು ಹಿಂದಿರುಗಿದಳು. ರೋಗ ಯಾವುದೆಂದು ಹೇಳದೆ ಬೆಲೆಯನ್ನು ಹೇಳುವವರಲ್ಲಿ ನಿಲ್ಲಬೇಡಿರೆಂದು ನಾನು ನಿಮ್ಮನ್ನು ಕೈಮುಗಿದು ಬೇಡುತ್ತೇನೆ.

ಕೊನೆಗೆ ಅವಳನ್ನು ವೈದ್ಯರಲ್ಲಿಗೆ ತಂದದ್ದು ಕೂದಲಲ್ಲ, ರಕ್ತ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವರು ರಕ್ತದಾನದ ಶಿಬಿರವನ್ನು ಏರ್ಪಡಿಸಿದ್ದರು. ಇವಳೂ ಸಾಲಿನಲ್ಲಿ ನಿಂತಳು. ಬೆರಳು ಚುಚ್ಚಿ ನೋಡಿದವರು, ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಗ್ರಾಮಾದರೂ ಇರಬೇಕು, ನಿನ್ನಲ್ಲಿ 10.4 ಮಾತ್ರ ಇದೆ, ಎಂದು ಹಿಂದಕ್ಕೆ ಕಳುಹಿಸಿದರು. ಅಲ್ಲಿದ್ದ ವೈದ್ಯೆ ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಹೀಗೆಯೇ ಬಿಡಬಾರದು, ಯಾರಿಗಾದರೂ ತೋರಿಸಿಕೋ ಎಂದಾಗ, ಸುತ್ತಲೂ ಯಾರೂ ಇಲ್ಲವೆಂಬುದನ್ನು ನೋಡಿಕೊಂಡು ಹುಡುಗಿ ಮೆಲ್ಲಗೆ ಕೇಳಿದಳಂತೆ: “ಮೇಡಂರಿ, ರಕ್ತ ಕಡಿಮಿ ಇದ್ರ ಕೂದ್ಲ ಉದರ್ತಾವೇನ್ರಿ?” ಯಾರೊಬ್ಬರ ಮುಂದೆಯೂ ಆಡದಿದ್ದ ಮಾತು ಅಂದು ಹೀಗೆ ಹೊರಬಿದ್ದಿತು. ಆ ವೈದ್ಯೆ ನನಗೊಂದು ಚೀಟಿಯನ್ನು ಬರೆದು ಅವಳ ಕೈಯಲ್ಲಿ ಕೊಟ್ಟರು.

ನನ್ನ ಮುಂದೆ ಬಂದು ಕುಳಿತಾಗಲೂ ಓಢಣಿ ತಲೆಯ ಮೇಲೆಯೇ ಇದ್ದಿತು. “ಹಾಸ್ಟೆಲಿನ ನೀರು ಭಾಳ ಉಪ್ಪೈತ್ರಿ” ಎಂದು ಮೊದಲುಮಾಡಿದಳು. “ಇರ್ಲಿ ತಂಗಿ, ನೀರಿನ ಸುದ್ದಿ ಆಮ್ಯಾಲೆ ಮಾತಾಡೋಣ, ಮೊದಲ ಜಡಿ ಬಿಚ್ಚು” ಎಂದೆ. ಹತ್ತಿಯಿಂದ ಕಾಡಿಗೆಯನ್ನು ಒರಸಿದಾಗ ಅವಳ ಕಣ್ಣಲ್ಲಿ ನೀರು ಬಂದಿತು. ನಾನು ಕೆಲಸವನ್ನು ನಿಲ್ಲಿಸಿ ಅವಳು ಸಮಾಧಾನಗೊಳ್ಳುವವರೆಗೆ ಕಾದೆ. ಆಮೇಲೆ ಮಾತಿನ ಪರೀಕ್ಷೆ ನಡೆಯಿತು. ಜ್ವರದ ಸಂಗತಿ ಹೊರಬಂದಿತು. ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿದ್ದರೂ ಮೊದಲ ಮೂರು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವಷ್ಟು ಸ್ರಾವವಿದೆಯೆಂದೂ, ಅದು ಎಲ್ಲರಿಗೂ ಇರುವಂಥದೇ ಎಂದು ತಾನು ತಿಳಿದಿದ್ದೆನೆಂದೂ ಹೇಳಿದಳು. ಅವ್ವನ ಜಡೆ ಇಂದಿಗೂ ಸೊಂಟದ ಕೆಳಗಿದೆ, ಆದ್ದರಿಂದ ಇದು ವಂಶದಿಂದ ಬಂದದ್ದಲ್ಲವೆಂಬುದು ಅವಳ ವಾದ. ಅಪ್ಪನ ಕಡೆಯನ್ನು ವಿಚಾರಿಸಿದಾಗ, ಅಪ್ಪನಿಗೆ ಮೂವತ್ತರಲ್ಲಿಯೇ ಬೋಳಾಗಿತ್ತು, ಸೋದರತ್ತೆಯ ಬೈತಲೆಯೂ ಅಗಲ, ಎಂದು ತಿಳಿಯಿತು. ಈ ಗುಣ ತಾಯಿಯ ಕಡೆಯಿಂದಲೂ ಬರಬಹುದು, ತಂದೆಯ ಕಡೆಯಿಂದಲೂ ಬರಬಹುದು.

ಕೈಯಿಂದ ಮಾಡುವ ಪರೀಕ್ಷೆ ಸರಳವಾದದ್ದು. ಐವತ್ತು ಅರವತ್ತು ಕೂದಲುಗಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಬುಡದಲ್ಲಿ ಹಿಡಿದು, ನೋವಾಗದಂತೆ ತುದಿಯವರೆಗೆ ಮೆಲ್ಲಗೆ ಎಳೆಯುತ್ತೇವೆ. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಕೈಗೆ ಬಂದರೆ, ಅಸಹಜವಾದ ಉದುರುವಿಕೆ ಈಗಲೂ ನಡೆಯುತ್ತಿದೆಯೆಂದು ಅರ್ಥ. ಇವಳಲ್ಲಿ ಏಳೆಂಟು ಬಂದವು. ಎಲ್ಲದರ ತುದಿಯಲ್ಲಿಯೂ ಆ ಬಿಳಿಯ ಗಂಟು. ಜ್ವರವಾಗಿ ವರ್ಷ ಮೀರಿರುವಾಗ ಇಂದಿನ ಈ ಉದುರುವಿಕೆಗೆ ಬೇರೆ ಕಾರಣ ಇರಲೇಬೇಕು. ತರುವಾಯ, ಬೆಳಕುಳ್ಳ ಭೂತಗನ್ನಡಿಯಂತಿರುವ ಡರ್ಮೊಸ್ಕೋಪನ್ನು ನೆತ್ತಿಯ ಮೇಲಿಟ್ಟು ಅವಳಿಗೂ ಪರದೆಯ ಮೇಲೆ ತೋರಿಸಿದೆ. ತಲೆಯ ಹಿಂಭಾಗದಲ್ಲಿ ಒಂದೊಂದು ರಂಧ್ರದಿಂದ ಎರಡು ಮೂರು ಕೂದಲು, ಎಲ್ಲವೂ ಒಂದೇ ದಪ್ಪದವು, ಹೊರಟಿದ್ದವು. ನಡುನೆತ್ತಿಯಲ್ಲಾದರೋ ದಪ್ಪನೆಯ ಕೂದಲಿನ ಪಕ್ಕದಲ್ಲಿಯೇ ನೂಲಿನೆಳೆಗಿಂತ ಸಣ್ಣವಾದ ಕೂದಲುಗಳು, ಹಲವು ರಂಧ್ರಗಳಲ್ಲಿ ಒಂಟಿ ಕೂದಲು. ದಪ್ಪದಲ್ಲಿ ಹೀಗೆ ಐದರಲ್ಲೊಂದು ಪಾಲಿಗೂ ಮಿಕ್ಕಿ ವ್ಯತ್ಯಾಸ ಕಂಡರೆ, ಕೇಶಕೂಪಗಳು ಕ್ರಮವಾಗಿ ಕಿರಿದಾಗುತ್ತಿವೆಯೆಂದು ನಾವು ತಿಳಿಯುತ್ತೇವೆ. ಇದು ಹೆಂಗಸರಲ್ಲಿ ಕಾಣುವ ಆನುವಂಶಿಕ ಕೇಶಕ್ಷಯ. ಗಂಡಸರ ಬೋಳುತನದ ಬಂಧುವೇ ಆದರೂ, ಹಣೆಯ ಅಂಚನ್ನು ಬಿಟ್ಟು ನೆತ್ತಿಯನ್ನು ಹಿಡಿಯತಕ್ಕದ್ದು. ಇದರಲ್ಲಿ ಕೂದಲು ರಾಶಿಯಾಗಿ ಉದುರುವುದಿಲ್ಲ. ಪ್ರತಿಸಲವೂ ಹಿಂದಿನದಕ್ಕಿಂತ ಸಣ್ಣದಾಗಿ, ಮೋಟಾಗಿ ಹುಟ್ಟುತ್ತದೆ. ಆದ್ದರಿಂದಲೇ ಉದುರಿದ್ದನ್ನು ಎಣಿಸುವವರಿಗೆ ಇದು ತಿಳಿಯುವುದಿಲ್ಲ. ಬೈತಲೆಯನ್ನು ಅಳೆಯುವವರಿಗೆ ತಿಳಿಯುತ್ತದೆ.

ರಕ್ತಪರೀಕ್ಷೆಗೆ ಮುಂಚೆ ಬಯೋಟಿನ್ ಗುಳಿಗೆಯನ್ನು ಮೂರು ದಿನ ನಿಲ್ಲಿಸೆಂದು ಹೇಳಿದೆ. ಈ ಗುಳಿಗೆ ದೊಡ್ಡ ಪ್ರಮಾಣದಲ್ಲಿ ರಕ್ತದಲ್ಲಿದ್ದರೆ ಥೈರಾಯ್ಡಿನ ಕೆಲವು ಪರೀಕ್ಷೆಗಳು ಸುಳ್ಳು ಅಂಕಿಗಳನ್ನು ತೋರಿಸುವುದುಂಟು; ಇಲ್ಲದ ಥೈರಾಯ್ಡ್ ರೋಗವನ್ನು ಇದೆಯೆಂದು ತಿಳಿದು ಔಷಧ ನುಂಗಿದರೆ ಅನರ್ಥ. ಥೈರಾಯ್ಡ್ ಸರಿಯಾಗಿತ್ತು. ಶರೀರದ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ಎಂಬುದು ಮಾತ್ರ 8ಕ್ಕೆ ಇಳಿದಿತ್ತು. ಅಂದರೆ ಉಗ್ರಾಣ ಬರಿದಾಗಿತ್ತು. ಮುಟ್ಟು ಕ್ರಮವಾಗಿದ್ದು, ಮುಖದಲ್ಲಿ ಗಡಸು ಕೂದಲಾಗಲಿ ಅತಿಯಾದ ಮೊಡವೆಯಾಗಲಿ ಇಲ್ಲದ್ದರಿಂದ ಹಾರ್ಮೋನುಗಳ ದುಬಾರಿ ಪರೀಕ್ಷೆಗಳನ್ನು ನಾನು ಬರೆಯಲಿಲ್ಲ. ಹೀಗೆ ಒಂದೇ ತಲೆಯಲ್ಲಿ ಮೂರು ಕಾರಣಗಳು ಒಂದರ ಮೇಲೊಂದು ಕುಳಿತಿದ್ದವು: ಮುಗಿದುಹೋಗಿದ್ದ ಜ್ವರದ್ದು, ನಡೆಯುತ್ತಿದ್ದ ಕಬ್ಬಿಣದ ಕೊರತೆಯದು, ಜೀವನವಿಡೀ ಜೊತೆಗಿರುವ ವಂಶದ್ದು. ಮೊದಲನೆಯದಕ್ಕೆ ಚಿಕಿತ್ಸೆ ಬೇಡ. ಎರಡನೆಯದನ್ನು ಗುಣಪಡಿಸಬಹುದು. ಮೂರನೆಯದನ್ನು ತಡೆದು ನಿಲ್ಲಿಸಬಹುದು, ಸ್ವಲ್ಪ ಹಿಂದಕ್ಕೂ ತಳ್ಳಬಹುದು, ಬೇರುಸಹಿತ ಕಿತ್ತೊಗೆಯಲಾಗದು. ಈ ಕಡೆಯ ಮಾತನ್ನು ಅವಳಿಗೆ ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದೆ.

ಕಬ್ಬಿಣದ ಗುಳಿಗೆಯನ್ನು ದಿನಬಿಟ್ಟು ದಿನ, ಬೆಳಗ್ಗೆ, ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಳ್ಳಬೇಕು. ಚಹಾ, ಕಾಫಿ, ಹಾಲುಗಳನ್ನು ಅದರ ಹಿಂದೆಮುಂದೆ ಒಂದೆರಡು ಗಂಟೆ ಮುಟ್ಟಬಾರದು, ಏಕೆಂದರೆ ಅವು ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತವೆ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಹಿಮೋಗ್ಲೋಬಿನ್ ಸರಿಯಾದ ಮೇಲೆಯೂ ಉಗ್ರಾಣ ತುಂಬಲು ಮೂರು ತಿಂಗಳು ಮುಂದುವರಿಸಬೇಕು. ಸೋರುವ ಕೊಡವನ್ನು ತುಂಬಿಸಿ ಫಲವಿಲ್ಲವಾದ್ದರಿಂದ ಅಧಿಕಸ್ರಾವಕ್ಕಾಗಿ ಅವಳನ್ನು ಸ್ತ್ರೀರೋಗತಜ್ಞರಲ್ಲಿಗೆ ಕಳುಹಿಸಿದೆ. ನೆತ್ತಿಗೆ ಮಿನಾಕ್ಸಿಡಿಲ್ ಎಂಬ ಔಷಧದ ಶೇಕಡ 5ರ ದ್ರಾವಣವನ್ನು ರಾತ್ರಿ ಒಮ್ಮೆ ಬರೆದುಕೊಟ್ಟೆ. ಇದು ಮೊದಲು ರಕ್ತದೊತ್ತಡಕ್ಕೆ ನುಂಗುವ ಗುಳಿಗೆಯಾಗಿ ಬಂದದ್ದು. ನುಂಗಿದವರ ಮೈಮೇಲೆ ಕೂದಲು ಬೆಳೆಯುವುದನ್ನು ಕಂಡು ಲೇಪನವಾಗಿ ಮಾಡಲಾಯಿತು, 1988ರಲ್ಲಿ ಅಮೆರಿಕೆಯಲ್ಲಿ ಗಂಡಸರ ಬೋಳುತನಕ್ಕೆ ಸಮ್ಮತಿ ಪಡೆಯಿತು. ಹಚ್ಚುವ ಕ್ರಮವನ್ನು ಅವಳ ಕೈಯಿಂದಲೇ ಮಾಡಿಸಿದೆ: ಒಣಗಿದ ತಲೆಯಲ್ಲಿ ಬೈತಲೆಯನ್ನು ತೆಗೆದು, ಒಂದು ಮಿಲಿಲೀಟರನ್ನು ಹನಿಹನಿಯಾಗಿ ಕೂದಲಿಗಲ್ಲ ಚರ್ಮಕ್ಕೆ ತಾಗುವಂತೆ ಬಿಟ್ಟು, ಬೆರಳ ತುದಿಯಿಂದ ಹರಡಿ, ಕೈ ತೊಳೆದು, ಮಲಗುವುದಕ್ಕೆ ಎರಡು ಗಂಟೆ ಮುಂಚೆಯೇ ಮುಗಿಸಬೇಕು, ಇಲ್ಲದಿದ್ದರೆ ದಿಂಬಿಗೆ ಹತ್ತಿ ಮುಖಕ್ಕೆ ತಗುಲಿ, ಕೆನ್ನೆಯ ಮೇಲೆ ನವಿರು ಬೆಳೆದೀತು. ತುರಿಕೆಯಾದರೆ ತಿಳಿಸಬೇಕು, ಎದೆ ಹೊಡೆದುಕೊಂಡರೆ ನಿಲ್ಲಿಸಬೇಕು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇದನ್ನು ಬಳಸಬಾರದು. ಮದುವೆಯಾದ ಮೇಲೆ ಈ ಮಾತನ್ನು ಮರೆಯಬೇಡವೆಂದೂ ಹೇಳಿದೆ. ಎಳೆದು ಕಟ್ಟುವ ತುರುಬನ್ನು ಸಡಿಲಿಸೆಂದೆ. ಸದಾ ಬಿಗಿದ ಜಡೆಯೂ ಭಾರವಾದ ಚೌರಿಯೂ ಹಣೆಯಂಚಿನ ಕೇಶಕೂಪಗಳನ್ನು ಕಾಲಾಂತರದಲ್ಲಿ ಶಾಶ್ವತವಾಗಿ ಕೆಡಿಸಬಲ್ಲವು.

ಚಿಕಿತ್ಸೆ ಮೊದಲಾಗಿ ತಿಂಗಳು ಕಳೆಯುವಷ್ಟರಲ್ಲಿ ಫೋನು ಬಂದಿತು. “ಮೊದ್ಲಕಿಂತ ಹೆಚ್ಚ ಉದರಾಕತ್ತಾವ್ರಿ ಮೇಡಂ. ಬಿಟ್ಬಿಡ್ಲೇನ್ರಿ?” ನಿಮ್ಮಲ್ಲಿ ಈ ಔಷಧವನ್ನು ತಾವೇ ಅಂಗಡಿಯಿಂದ ತಂದು ಹಚ್ಚಿಕೊಂಡವರು ಬಹುಪಾಲು ಕೈಬಿಡುವುದು ಈ ಘಟ್ಟದಲ್ಲಿಯೇ. ವಿಶ್ರಾಂತಿಯಲ್ಲಿದ್ದ ಕೇಶಕೂಪಗಳನ್ನು ಔಷಧವು ಒಮ್ಮೆಗೇ ಎಬ್ಬಿಸುವುದರಿಂದ ಅವುಗಳಲ್ಲಿದ್ದ ಹಳೆಯ ಕೂದಲು ಮೊದಲ ಎರಡು ತಿಂಗಳಲ್ಲಿ ಉದುರುವುದುಂಟು. ಅದು ಔಷಧ ಕೆಲಸಮಾಡುತ್ತಿರುವುದರ ಸೂಚನೆಯಾಗಿರಬಹುದೇ ಹೊರತು ವಿಫಲವಾದದ್ದರ ಗುರುತಲ್ಲ. ಹಿಂದೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದೆ, ಅವಳು ಬಿಡಲಿಲ್ಲ. ಮೂರು ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ನಡುಬೈತಲೆಯನ್ನು ತೆಗೆದು ಚಿತ್ರ ಹಿಡಿದೆವು. ಮೊದಲ ಎರಡು ಚಿತ್ರಗಳಲ್ಲಿ ಅವಳ ಕಣ್ಣಿಗೆ ಭೇದ ಕಾಣಲಿಲ್ಲ. ಆರನೆಯ ತಿಂಗಳ ಚಿತ್ರದಲ್ಲಿ ಬೈತಲೆಯ ಎರಡು ಅಂಚಿನಲ್ಲಿಯೂ ಬೆರಳಗಲದ ನವಿರಾದ ಕೂದಲು ನೆಟ್ಟಗೆ ನಿಂತಿದ್ದವು; ಫೆರಿಟಿನ್ 46ಕ್ಕೆ ಏರಿತ್ತು; ಎಳೆದು ನೋಡಿದರೆ ಒಂದೆರಡೇ ಕೈಗೆ ಬಂದವು. ವರ್ಷ ತುಂಬುವ ವೇಳೆಗೆ ಬೈತಲೆ ಕಿರಿದಾಗಿತ್ತು. ಅವ್ವನ ಜಡೆಯ ದಪ್ಪ ಬರಲಿಲ್ಲ, ಬರುವುದೂ ಇಲ್ಲ. ಔಷಧವನ್ನು ನಿಲ್ಲಿಸಿದರೆ ಗಳಿಸಿದ್ದು ಕೆಲವೇ ತಿಂಗಳಲ್ಲಿ ಹೋಗುವುದೆಂಬುದನ್ನು ಬಲ್ಲ ಅವಳು ರಾತ್ರಿಯ ಆ ಹನಿಗಳನ್ನು ಹಲ್ಲುಜ್ಜುವಷ್ಟೇ ಸಹಜವಾಗಿ ನಡೆಸಿಕೊಂಡು ಹೋಗುತ್ತಿದ್ದಾಳೆ. ಕಾಡಿಗೆ ಈಗ ಕಣ್ಣಿಗೆ ಮಾತ್ರ.

ನಿಮ್ಮಲ್ಲಿ ಬೈತಲೆಯನ್ನು ಬದಲಿಸುತ್ತಿರುವವರು ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದರೂ ಸಾಕು. ಹೊರರೋಗಿಗಳ ಚೀಟಿಗೆ ಹೆಚ್ಚಿನ ಹಣ ಬೇಕಿಲ್ಲ. ಹೋಗುವ ದಿನ ಎಣ್ಣೆಯನ್ನೂ ಬಣ್ಣವನ್ನೂ ಹಚ್ಚಬೇಡಿರಿ. ಎರಡು ಮೂರು ವರ್ಷದ ಹಿಂದಿನ ಚಿತ್ರವೊಂದಿದ್ದರೆ ಜೊತೆಗೆ ಒಯ್ಯಿರಿ. ಹಿಂದಿನ ಆರು ತಿಂಗಳ ಜ್ವರ, ಉಪವಾಸ, ಔಷಧಗಳನ್ನೂ, ಮುಟ್ಟಿನ ದಿನಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ನುಂಗುತ್ತಿರುವ ಗುಳಿಗೆಗಳ ಪಟ್ಟಿಗಳನ್ನು ಇದ್ದಂತೆಯೇ ತೆಗೆದುಕೊಂಡು ಹೋಗಿರಿ. ಆದರೆ ರೂಪಾಯಿಯಗಲ ದುಂಡಗೆ ಕೂದಲು ಹೋಗಿದ್ದರೆ, ನೆತ್ತಿಯಲ್ಲಿ ಉರಿ, ನೋವು, ಕೀವು ಇದ್ದರೆ, ಅಥವಾ ಕೂದಲು ಹೋದ ಜಾಗದ ಚರ್ಮ ರಂಧ್ರಗಳೇ ಕಾಣದಷ್ಟು ನುಣುಪಾಗಿ ಹೊಳೆಯುತ್ತಿದ್ದರೆ, ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಕಾಯದೆ ಆ ವಾರದೊಳಗೇ ಹೋಗತಕ್ಕದ್ದು. ಕಲೆಗಟ್ಟುವ ಜಾತಿಯ ವ್ಯಾಧಿಯಲ್ಲಿ ಕಳೆದುಹೋದ ಕೇಶಕೂಪವನ್ನು ಯಾವ ಔಷಧವೂ ಹಿಂದಿರುಗಿಸಲಾರದು.

ಇತಿ,
ನಿಮ್ಮ ಹಿತೈಷಿಣಿಯಾದ
ಒಬ್ಬ ಚರ್ಮವೈದ್ಯೆ
ಧಾರವಾಡ